ಒದ್ದೆಯಲ್ಲಿ ನೇರ, ಒಣಗಿದ ಮೇಲೆ ತ್ರಿಕೋನ: ಒಂದು ಬಾಬ್ ಕಟ್ ರಿಪೇರಿ

ಜುಲೈ ತಿಂಗಳು, ಮಡಿಕೇರಿ. ಹೊರಗೆ ಬಿಡದ ಮಳೆ. ಇಂಥ ದಿನಗಳಲ್ಲಿ ಪಾರ್ಲರ್‌ಗೆ ಬರುವವರೇ ಕಡಿಮೆ. ಬಂದವರಲ್ಲಿ ಅರ್ಧ ಜನ ಹೇಳುವುದು ಒಂದೇ ಮಾತು: "ಕೂದಲು ಮಾತೇ ಕೇಳ್ತಿಲ್ಲ."

ಈ ರಿಪೇರಿ ಕೆಲಸ ಅಂಥ ಒಬ್ಬ ಅಕ್ಕನದ್ದು. ಮನೆ ಮಡಿಕೇರಿಯ ಹತ್ತಿರ, ಕೆಲಸ ಕುಶಾಲನಗರದ ಶಾಲೆಯಲ್ಲಿ. ಅಲೆಅಲೆಯಾದ ದಪ್ಪ ಕೂದಲು, ಕೆಲವು ಕಡೆ ಪೂರ್ತಿ ಗುಂಗುರು. ಎರಡು ತಿಂಗಳ ಹಿಂದೆ ಬೇರೆ ಊರಿನಲ್ಲಿ ಬಾಬ್ ಕಟ್ ಮಾಡಿಸಿಕೊಂಡಿದ್ದರು. ಕತ್ತರಿಸಿದವರು ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಿಗಿಯಾಗಿ ಎಳೆದು, ಒಂದೇ ಗೆರೆಗೆ ಕತ್ತರಿಸಿದ್ದರು. ಕುರ್ಚಿಯಿಂದ ಏಳುವಾಗ ಗೆರೆ ಚೆನ್ನಾಗಿಯೇ ಇತ್ತಂತೆ. ಮನೆಗೆ ಹೋಗಿ ಒಣಗಿದ ಮೇಲೆ ನೆತ್ತಿ ಚಪ್ಪಟೆ, ಕೆಳಗೆ ಎರಡೂ ಕಡೆ ರೆಕ್ಕೆ. ಎಡಗಿವಿಯ ಮೇಲೆ ಯಾರೋ ಕಚ್ಚಿದ ಹಾಗೆ ಒಂದು ತಗ್ಗು.

"ಇನ್ನು ಒದ್ದೆ ಮಾಡಿ ಕತ್ತರಿಸೋದು ಬೇಡ ಕಣಮ್ಮ, ಒಣಗಿದ್ದಾಗಲೇ ಕತ್ತರಿಸು" ಅಂದರು ಅಕ್ಕ. ನಾನು ಪೂರ್ತಿ ಒಪ್ಪಲಿಲ್ಲ. ಯಾವ ಜಾಗವನ್ನು ಒದ್ದೆಯಲ್ಲಿ, ಯಾವ ಜಾಗವನ್ನು ಒಣಗಿದ ಮೇಲೆ ಅನ್ನುವುದೇ ಈ ಕೆಲಸದ ಅರ್ಧ ಭಾಗ.

ಸಾಮಾನು: 6 ಇಂಚಿನ ಕತ್ತರಿ, ಅಗಲ ಹಲ್ಲಿನ ಬಾಚಣಿಗೆ, ಸ್ಪ್ರೇ ಬಾಟಲಿ, ಕ್ಲಿಪ್ಪು, ಟೈಲರ್ ಟೇಪು, ಹಳೆಯ ಕಾಟನ್ ಟೀ ಶರ್ಟ್, ಡ್ರೈಯರ್, ಅದರ ಮೂತಿಗೆ ಸಿಕ್ಕಿಸಿ ಗಾಳಿಯನ್ನು ಹರಡುವ ಬಟ್ಟಲಿನಂಥ ಡಿಫ್ಯೂಸರ್ (₹450). ಕತ್ತರಿಗೆ ಹೋದ ತಿಂಗಳಷ್ಟೇ ಸಾಣೆ ಹಿಡಿಸಿದ್ದೆ, ₹300 ಆಗಿತ್ತು. ಒಣ ಕೂದಲಿಗೆ ಮೊಂಡು ಕತ್ತರಿ ಹಾಕಿದರೆ ಕೂದಲು ಕತ್ತರಿಸುವ ಬದಲು ಮಡಚಿಕೊಂಡು ಮುಂದಕ್ಕೆ ಜಾರುತ್ತದೆ, ತುದಿ ಸೀಳುತ್ತದೆ. ಒದ್ದೆ ಟಿಶ್ಯೂ ಕಾಗದ ಕತ್ತರಿಸಿ ನೋಡಿದರೆ ಗೊತ್ತಾಗುತ್ತದೆ. ಕಾಗದ ಅಲಗಿನ ನಡುವೆ ಮಡಚಿಕೊಂಡರೆ ಆ ಕತ್ತರಿ ಒಣ ಕೆಲಸಕ್ಕೆ ಬೇಡ.

ಹಂತ 1: ಬಂದ ಹಾಗೆ ನೋಡುವುದು

ಮೊದಲು ತೊಳೆಯಲಿಲ್ಲ. ಬಂದ ಸ್ಥಿತಿಯಲ್ಲೇ ಮುಂದೆ, ಹಿಂದೆ, ಎರಡೂ ಪಕ್ಕದ ಫೋಟೋ ತೆಗೆದೆ. ಬೈತಲೆ ಎಲ್ಲಿ ತಾನಾಗಿ ಬೀಳುತ್ತದೆ, ಸುಳಿ ಎಲ್ಲಿದೆ ಅಂತ ನೋಡಿದೆ. ಕತ್ತಿನ ಕೆಳಗಂಚಿನಲ್ಲಿ ಬಲಕ್ಕೆ ಒಂದು ಸುಳಿ ಇತ್ತು. ಅಲ್ಲಿ ಕೂದಲು ಕೆಳಗಿಳಿಯದೆ ಪಕ್ಕಕ್ಕೆ ಹೊರಳಿ ಬೆಳೆಯುತ್ತದೆ. ಒದ್ದೆ ಮಾಡಿದರೆ ಅದು ಚರ್ಮಕ್ಕೆ ಅಂಟಿಕೊಂಡು ಕಾಣೆಯಾಗುತ್ತದೆ. ಅದಕ್ಕೇ ಮೊದಲೇ ಗುರುತು ಮಾಡಿಕೊಳ್ಳಬೇಕು.

ಆದರೆ ಬಂದ ಹಾಗೆಯೇ ಕತ್ತರಿ ಹಾಕುವ ಹಾಗಿರಲಿಲ್ಲ. ಅಕ್ಕ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದ್ದರು, ಬೆಳಿಗ್ಗೆಯಿಂದ ಕ್ಲಿಪ್ ಹಾಕಿದ್ದರು. ಎಣ್ಣೆ ಕೂದಲನ್ನು ಗೊಂಚಲು ಮಾಡಿ ಭಾರ ಮಾಡುತ್ತದೆ. ಕ್ಲಿಪ್ ಕೂತ ಜಾಗದಲ್ಲಿ ಸುಳ್ಳು ಮಡಿಕೆ ಬಿದ್ದಿರುತ್ತದೆ. ಆ ಮಡಿಕೆಯನ್ನೇ ಗುಂಗುರು ಅಂದುಕೊಂಡು ಕತ್ತರಿಸಿದರೆ ಮುಂದಿನ ಸ್ನಾನಕ್ಕೆ ಆಕಾರ ಹೋಗುತ್ತದೆ. ಒಣ ಕಟ್ ಅಂದರೆ ತೊಳೆದು, ಏನೂ ಹಚ್ಚದೆ, ಬಾಚದೆ, ತನ್ನಷ್ಟಕ್ಕೆ ಒಣಗಿಸಿದ ಕೂದಲನ್ನು ಕತ್ತರಿಸುವುದು. ಮನೆಯಿಂದ ಹೊರಟು ಬಂದ ತಲೆಯನ್ನು ಹಾಗೇ ಕತ್ತರಿಸುವುದಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎರಡೂ ಪಕ್ಕದಲ್ಲಿ, ಒಳಪದರದಲ್ಲಿ, ಮೋಟು ಮೋಟು ಕೂದಲು ಮೇಲಕ್ಕೆ ನಿಂತಿದ್ದವು. ದಪ್ಪ ಕಡಿಮೆ ಮಾಡಲು ಯಾರೋ ಥಿನ್ನಿಂಗ್ ಕತ್ತರಿ ಹಾಕಿದ್ದಾರೆ. ನೇರ ಕೂದಲಿಗೆ ಅದು ನಡೆಯುತ್ತದೆ. ಗುಂಗುರಿನಲ್ಲಿ ಆ ಮೋಟು ಕೂದಲು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಮೇಲಿನ ಉದ್ದ ಕೂದಲನ್ನೇ ಹೊರಗೆ ತಳ್ಳುತ್ತದೆ. ರೆಕ್ಕೆ ಅಷ್ಟು ಅಗಲವಾಗಲು ಇದೂ ಒಂದು ಕಾರಣ. ಇದಕ್ಕೆ ಕತ್ತರಿಯಲ್ಲಿ ಔಷಧ ಇಲ್ಲ, ಬೆಳೆಯಬೇಕು ಅಷ್ಟೇ.

ಹಂತ 2: ತೊಳೆದು ಅಳೆಯುವುದು

ಎಣ್ಣೆ ಹೋಗುವ ತನಕ ಶಾಂಪೂ, ತುದಿಗೆ ಮಾತ್ರ ಕಂಡೀಷನರ್. ಪೆನ್ಸಿಲ್ ದಪ್ಪದ ಒಂದೊಂದು ಎಳೆಯನ್ನು ಐದು ಜಾಗದಲ್ಲಿ ಬೇರ್ಪಡಿಸಿ, ಎಳೆಯದೆ, ಸುಮ್ನೆ ಇಳಿಬಿಟ್ಟು ಟೇಪು ಹಿಡಿದೆ. ಅವೇ ಎಳೆಗಳನ್ನು ಒಣಗಿದ ಮೇಲೆ ಮತ್ತೆ ಅಳೆದೆ. ಎರಡೂ ಲೆಕ್ಕವನ್ನು ಇಲ್ಲೇ ಒಟ್ಟಿಗೆ ಬರೆಯುತ್ತೇನೆ.

ಕತ್ತಿನ ಹಿಂದೆ ಒದ್ದೆಯಲ್ಲಿ 6 ಇಂಚು, ಒಣಗಿ 5½.
ಬಲಗಿವಿಯ ಹಿಂದೆ 9, ಒಣಗಿ 7½.
ಎಡಗಿವಿಯ ಮೇಲೆ 9, ಒಣಗಿ 6¾.
ನೆತ್ತಿಯಲ್ಲಿ 11, ಒಣಗಿ 8.
ಹಣೆಯ ಮೇಲೆ 5½, ಒಣಗಿ 4.

ತ್ರಿಕೋನ ಯಾಕೆ ಬಂತು ಅನ್ನುವುದು ಈ ಐದು ಸಾಲಿನಲ್ಲೇ ಇದೆ. ಒಂದೇ ತಲೆ, ಆದರೆ ಕತ್ತಿನಲ್ಲಿ ಅರ್ಧ ಇಂಚು ಕುಗ್ಗಿದರೆ ನೆತ್ತಿಯಲ್ಲಿ 3 ಇಂಚು ಕುಗ್ಗುತ್ತದೆ. ಎಡ, ಬಲ ಕೂಡ ಒಂದೇ ಸಮ ಇಲ್ಲ. ಒದ್ದೆಯಲ್ಲಿ ಎಲ್ಲವನ್ನೂ ಒಂದು ಗೆರೆಗೆ ತಂದರೆ, ಒಣಗುವಾಗ ಪ್ರತಿ ಜಾಗವೂ ತನ್ನ ಲೆಕ್ಕದಲ್ಲಿ ಮೇಲೇರುತ್ತದೆ. ಮೇಲಿನ ಪದರ ಗಿಡ್ಡ ಮಾಡುವ ಲೇಯರ್ ಇಲ್ಲದ್ದರಿಂದ ನೆತ್ತಿಯ ಉದ್ದ ಕೂದಲು ತನ್ನ ಭಾರಕ್ಕೇ ಚಪ್ಪಟೆಯಾಗಿ ಮಲಗುತ್ತದೆ. ಎಲ್ಲಾ ತುದಿಗಳೂ ಕೆಳಗೆ ಒಂದೇ ಕಡೆ ಸೇರಿ ಅಲ್ಲೇ ಉಬ್ಬುತ್ತವೆ.

ನೀರು ಕುಡಿದ ಕೂದಲು ಸ್ವಲ್ಪ ದಪ್ಪವಾಗುತ್ತದೆ. ಉದ್ದದಲ್ಲಿ ಬೆಳೆಯುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. 8 ಇಂಚು 11 ಆಗುವುದು ಅದರಿಂದಲ್ಲ. ಒಳಗಿನ ಹೈಡ್ರೋಜನ್ ಬಂಧಗಳನ್ನು ನೀರು ಬಿಡಿಸುತ್ತದೆ, ನೀರಿನ ಭಾರವೂ ಸೇರಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಒಣಗುವಾಗ ಬಂಧ ಮತ್ತೆ ಕೂಡಿ ಸುರುಳಿ ವಾಪಸ್ ಬರುತ್ತದೆ. ಇದರ ಮೇಲೆ ಬಾಚಣಿಗೆಯ ಎಳೆತ ಬೇರೆ. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗುತ್ತದೆ. ಬಿಗಿಯಾಗಿ ಎಳೆದು ಕತ್ತರಿಸಿ ಬಿಟ್ಟರೆ ಆ ಹಿಗ್ಗಿದ್ದೂ ಹಿಂದಕ್ಕೆ ಹೋಗುತ್ತದೆ.

ಎಡಗಿವಿಯ ತಗ್ಗು ಬಂದದ್ದು ಹೀಗೇ. ಒದ್ದೆ ಕೂದಲನ್ನು ಕಿವಿಯ ಮೇಲಿಂದ ಬಿಗಿಯಾಗಿ ಇಳಿಸಿದಾಗ ಕಿವಿಯ ಉಬ್ಬನ್ನು ಸುತ್ತಿ ಬರಲು ಕೂದಲಿಗೆ ಜಾಸ್ತಿ ಉದ್ದ ಬೇಕು. ಕತ್ತರಿಸಿ ಕೈಬಿಟ್ಟ ತಕ್ಷಣ ಅದು ಮೇಲಕ್ಕೆ ಹಾರುತ್ತದೆ. ನೇರ ಕೂದಲಿನಲ್ಲೂ ಇದು ಆಗುತ್ತದೆ. ಗುಂಗುರಿದ್ದರೆ ಎರಡರಷ್ಟು ಕಾಣುತ್ತದೆ.

ಹಂತ 3: ಕತ್ತಿನ ಗೆರೆ, ಒದ್ದೆಯಲ್ಲಿ

ಕತ್ತಿನ ಭಾಗ ಕುಗ್ಗುವುದು ಅರ್ಧ ಇಂಚು ಮಾತ್ರ, ಅಲ್ಲಿ ಅಲೆಯೂ ಸಡಿಲ. ಇಲ್ಲಿ ನನಗೆ ಬೇಕಾದದ್ದು ಒಂದು ಸ್ವಚ್ಛ ಗೆರೆ. ಒಣಗಿದ್ದಾಗ ಆ ಗೆರೆ ಹಿಡಿಯುವುದು ಕಷ್ಟ, ಒಂದೊಂದು ಎಳೆ ಒಂದೊಂದು ಕಡೆ ನೋಡುತ್ತಿರುತ್ತದೆ. ಒದ್ದೆಯಲ್ಲಿ ಕೂದಲು ಒಂದಕ್ಕೊಂದು ಅಂಟಿ ಹಾಳೆಯ ಹಾಗೆ ನಿಲ್ಲುತ್ತದೆ, ಸೆಕ್ಷನ್ ನೀಟಾಗಿ ಬರುತ್ತದೆ, ಕತ್ತರಿ ಹೋದ ದಾರಿ ಕಾಣುತ್ತದೆ.

ಮೇಲಿನದನ್ನೆಲ್ಲ ಕ್ಲಿಪ್ ಹಾಕಿ ಎತ್ತಿ, ಕೆಳಗೆ ಎರಡು ಬೆರಳು ಅಗಲದ ಪಟ್ಟಿ ಮಾತ್ರ ಬಿಟ್ಟೆ. ತಲೆ ನೇರ. ಬೆರಳಿನಲ್ಲಿ ಹಿಡಿದು ಎಳೆಯಲಿಲ್ಲ, ಅಗಲ ಬಾಚಣಿಗೆಯ ಬೆನ್ನಿನಿಂದ ಕೂದಲನ್ನು ಕತ್ತಿಗೆ ಒತ್ತಿ ಹಿಡಿದು ಕತ್ತರಿಸಿದೆ. ಬಲಕ್ಕೆ ಅರ್ಧ ಇಂಚು, ಎಡಕ್ಕೆ ಕಾಲು ಇಂಚು ಹೋಯಿತು. ಸುಳಿಯ ಜಾಗದಲ್ಲಿ ಮಾತ್ರ ಕಾಲು ಇಂಚು ಜಾಸ್ತಿ ಬಿಟ್ಟೆ. ಒದ್ದೆಯಲ್ಲಿ ಅದು ಬಾಲದ ಹಾಗೆ ಕಾಣುತ್ತಿತ್ತು. ಕನ್ನಡಿಯಲ್ಲಿ ನೋಡಿದ ಅಕ್ಕ "ಅಲ್ಲೊಂದು ಉಳಿದಿದೆ ನೋಡು" ಅಂದರು. ಒಣಗಲಿ ಅಂದೆ.

ಒದ್ದೆ ಕೆಲಸದಲ್ಲಿ ಗಮನ ತಪ್ಪುವುದು ಇಲ್ಲಿ: ಒಂದು ಪಕ್ಕ ಮುಗಿಸುವಷ್ಟರಲ್ಲಿ ಇನ್ನೊಂದು ಪಕ್ಕ ಅರ್ಧ ಆರಿರುತ್ತದೆ. ಆಗ ಎಡ ಒಂದು ಅಳತೆ, ಬಲ ಒಂದು ಅಳತೆ. ಅದಕ್ಕೆ ಪ್ರತಿ ಸೆಕ್ಷನ್ ಬಿಚ್ಚಿದಾಗಲೂ ನೀರು ಚಿಮುಕಿಸಿ ಒಂದೇ ಹದಕ್ಕೆ ತರಬೇಕು. ಮುಟ್ಟಿದರೆ ಬೆರಳು ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು.

ಒದ್ದೆ ಕೆಲಸ ಇಷ್ಟೇ. ನೆತ್ತಿ, ಪಕ್ಕ, ಹಣೆ ಯಾವುದನ್ನೂ ಮುಟ್ಟಲಿಲ್ಲ.

ಹಂತ 4: ಒಣಗಿಸುವುದು (ಇಲ್ಲೇ ಕೆಲಸ ಸಿಕ್ಕಿಹಾಕಿಕೊಂಡಿತು)

ಟೀ ಶರ್ಟಿನಲ್ಲಿ ಒತ್ತಿ ನೀರು ತೆಗೆದೆ. ಟವೆಲಿನಲ್ಲಿ ಉಜ್ಜಿದರೆ ಸುರುಳಿ ಒಡೆದು ಹತ್ತಿಯ ಹಾಗೆ ಆಗುತ್ತದೆ. ಡಿಫ್ಯೂಸರ್ ಸಿಕ್ಕಿಸಿ, ಕಡಿಮೆ ಬಿಸಿ, ಕಡಿಮೆ ಗಾಳಿಯಲ್ಲಿ ಶುರು ಮಾಡಿದೆ. ಕರೆಂಟ್ ಹೋಯಿತು. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುವುದು ಇಲ್ಲಿ ಸುದ್ದಿಯೇ ಅಲ್ಲ.

ನಮ್ಮ ಇನ್ವರ್ಟರ್ ಲೈಟು, ಫ್ಯಾನು ಎಳೆಯುತ್ತದೆ. ಡ್ರೈಯರ್ 1600 ವ್ಯಾಟ್, ಹಾಕಿದ ಕೂಡಲೇ ಕೂಗಿ ಬಂದ್ ಆಗುತ್ತದೆ. ಫ್ಯಾನಿನ ಕೆಳಗೆ ಕೂರಿಸಿದೆ. ಮುಕ್ಕಾಲು ಗಂಟೆ ಕಳೆದ ಮೇಲೆ ತುದಿಗಳು ಒಣಗಿ ಸುತ್ತಿಕೊಂಡಿದ್ದವು, ಬುಡ ಹಾಗೇ ಇತ್ತು. ಹೊರಗಿನ ಗಾಳಿಯೇ ನೀರಾಗಿರುವಾಗ ಫ್ಯಾನ್ ಏನು ಮಾಡುತ್ತದೆ?

ಈ ಅರೆ ಒಣಗಿದ ಸ್ಥಿತಿ ಕತ್ತರಿಸಲು ಎಲ್ಲಕ್ಕಿಂತ ಕೆಟ್ಟದ್ದು. ನೋಡಲು ಒಣಗಿದ ಹಾಗಿರುತ್ತದೆ. ಬುಡ ಭಾರವಾಗಿ ನೆತ್ತಿ ಇನ್ನೂ ಮಲಗಿರುತ್ತದೆ. ಆಗ ಕಾಣುವ ಉದ್ದ ಒದ್ದೆಯದ್ದೂ ಅಲ್ಲ, ಒಣಗಿದ್ದೂ ಅಲ್ಲ. ಪೂರ್ತಿ ಒಣಗಿದೆಯೋ ಇಲ್ಲವೋ ತಿಳಿಯಲು ಕೂದಲಿನ ನಡುವೆ ಬೆರಳು ಹಾಕಿ ನೆತ್ತಿಯ ಚರ್ಮ ಮುಟ್ಟಬೇಕು. ತಣ್ಣಗಿದ್ದರೆ ಇನ್ನೂ ನೀರಿದೆ. ಟಿಶ್ಯೂ ಒತ್ತಿದರೆ ಕಲೆ ಬೀಳುತ್ತದೆ.

ಅಕ್ಕನಿಗೆ ಕಾಫಿ ಕೊಟ್ಟು ಕಾದೆವು. ಕರೆಂಟ್ ಬಂದ ಮೇಲೆ ಬುಡದಿಂದ ಶುರು ಮಾಡಿ ಪೂರ್ತಿ ಒಣಗಿಸಿದೆ. ಡಿಫ್ಯೂಸರಿನ ಬಟ್ಟಲಿನಲ್ಲಿ ಕೂದಲನ್ನು ಕೂರಿಸಿ ಮೇಲಕ್ಕೆತ್ತಿ ಹಿಡಿಯುವುದು, ಕೈಯಲ್ಲಿ ಕೆದರದೆ ಇರುವುದು. ಆಮೇಲೆ ಹತ್ತು ನಿಮಿಷ ತಣಿಯಲು ಬಿಟ್ಟೆ. ಬಿಸಿ ಆರುವಾಗ ಕೂದಲು ಇನ್ನೂ ಸ್ವಲ್ಪ ತನ್ನ ಜಾಗಕ್ಕೆ ಕೂರುತ್ತದೆ.

ಕತ್ತಿನ ಸುಳಿಯ ಬಾಲ? ಪಕ್ಕಕ್ಕೆ ಹೊರಳಿ ಗೆರೆಯೊಳಗೆ ಸೇರಿಕೊಂಡಿತ್ತು.

ಹಂತ 5: ನೆತ್ತಿ ಮತ್ತು ಪಕ್ಕ, ಒಣಗಿದ ಮೇಲೆ

ಇಲ್ಲಿಂದ ಬಾಚಣಿಗೆ ಇಲ್ಲ. ಬಾಚಿದರೆ ಸುರುಳಿ ಒಡೆಯುತ್ತದೆ, ನೋಡಲು ಏನೂ ಉಳಿಯುವುದಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ಹೊರಗೆರೆ ನೋಡುವುದು, ಒಂದು ಸುರುಳಿ ಆರಿಸುವುದು, ಬೆರಳಿನಲ್ಲಿ ಎತ್ತಿ ತುದಿ ತೆಗೆಯುವುದು, ಬಿಟ್ಟು ಮತ್ತೆ ನೋಡುವುದು.

ರೆಕ್ಕೆ ಕಣ್ಣಿಗೆ ಚುಚ್ಚುತ್ತಿದ್ದರೂ ಮೊದಲು ಅದನ್ನು ಮುಟ್ಟಲಿಲ್ಲ. ನೆತ್ತಿ ಮೇಲೇಳದೆ ರೆಕ್ಕೆ ಕತ್ತರಿಸಿದರೆ ಚಿಕ್ಕ ತ್ರಿಕೋನ ಸಿಗುತ್ತದೆ ಅಷ್ಟೇ. ನೆತ್ತಿಯ ಸುರುಳಿಗಳಿಂದ ಮೊದಲು ಅರ್ಧ ಇಂಚು ತೆಗೆದೆ. ಬಿಟ್ಟ ಕೂಡಲೇ ಅವು ಅರ್ಧ ಇಂಚಿಗಿಂತ ಜಾಸ್ತಿ ಮೇಲೇರಿದವು. ತುದಿಯ ಭಾರ ಹೋದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಒದ್ದೆಯಲ್ಲಿ ಕತ್ತರಿಸಿ "11ಕ್ಕೆ 8 ಆದರೆ ಇಷ್ಟಕ್ಕೆ ಎಷ್ಟು" ಅಂತ ಲೆಕ್ಕ ಹಾಕುವುದು ಇದಕ್ಕೇ ಕೈಕೊಡುತ್ತದೆ. 8 ಅನ್ನುವುದು 11 ಇಂಚಿನ ಭಾರ ಇದ್ದಾಗಿನ ಅಳತೆ. ಭಾರ ಬದಲಾದರೆ ಅಳತೆಯೂ ಬದಲು. ಒಣಗಿದ್ದಾಗ ಕತ್ತರಿಸಿದರೆ ಆ ಏರಿಕೆ ಕಣ್ಣೆದುರೇ ಆಗುತ್ತದೆ, ಅಲ್ಲಿಗೆ ನಿಲ್ಲಿಸಬಹುದು.

ಆಮೇಲೆ ಒಂದೊಂದು ಸಲಕ್ಕೆ ಕಾಲು ಇಂಚು ಮಾತ್ರ. ಕೊನೆಗೆ ನೆತ್ತಿ 7 ಇಂಚಿಗೆ ನಿಂತಿತು, ಬುಡದಿಂದ ಎದ್ದು ದುಂಡಗೆ ಕೂತಿತು.

ಪಕ್ಕದ ರೆಕ್ಕೆಗಳಲ್ಲಿ ಹೊರಗಿನ ಪದರವನ್ನು ಹೆಚ್ಚು ಮುಟ್ಟಲಿಲ್ಲ. ಅದರ ಕೆಳಗಿನ ಪದರದಿಂದ ಅಲ್ಲೊಂದು ಇಲ್ಲೊಂದು ಸುರುಳಿ ಆರಿಸಿ, ಅದು ಒಳಕ್ಕೆ ಬಾಗುವ ಜಾಗ ನೋಡಿ ಕತ್ತರಿಸಿದೆ. ಹೊರಕ್ಕೆ ತಿರುಗುವ ಜಾಗದಲ್ಲಿ ಕತ್ತರಿಸಿದರೆ ತುದಿ ಹೊರಗೆ ಮೂಗು ತೂರಿಸುತ್ತದೆ. ಅಕ್ಕಪಕ್ಕದ ಸುರುಳಿಗಳು ಒಂದೇ ಉದ್ದಕ್ಕೆ ಬರದ ಹಾಗೆ ನೋಡಿಕೊಂಡೆ. ಬಂದರೆ ತುದಿಗಳೆಲ್ಲ ಮತ್ತೆ ಒಂದೇ ಕಡೆ ಸೇರಿ ಶೆಲ್ಫಿನ ಹಾಗೆ ಹೊರಕ್ಕೆ ಚಾಚುತ್ತವೆ. ಥಿನ್ನಿಂಗ್ ಕತ್ತರಿ ಡ್ರಾಯರಿನಲ್ಲೇ ಇತ್ತು. ಅಲಗು ತೆರೆದು ಕೂದಲ ಮೇಲೆ ಜಾರಿಸುವ ಕೆಲಸವೂ ಒಣಗಿದ್ದಾಗ ಬೇಡ, ಮೇಲ್ಪದರ ಒರಟಾಗುತ್ತದೆ. ರೇಜರ್ ಅಂತೂ ಒದ್ದೆ ಕೂದಲಿಗೆ ಮಾತ್ರ.

ಎಡಗಿವಿಯ ತಗ್ಗು ತುಂಬಲು ನನ್ನ ಹತ್ತಿರ ಕೂದಲಿಲ್ಲ. ಸುತ್ತಲಿನದನ್ನು ತಗ್ಗಿನ ಮಟ್ಟಕ್ಕೆ ಇಳಿಸಿದರೆ ಇಡೀ ಎಡ ಪಕ್ಕ ಗಿಡ್ಡ, ಆಮೇಲೆ ಸಮ ಮಾಡಲು ಬಲವನ್ನೂ ಇಳಿಸಬೇಕು. ಅದರ ಬದಲು ಬೈತಲೆಯನ್ನು ಅರ್ಧ ಇಂಚು ಬಲಕ್ಕೆ ಸರಿಸಿದೆ. ಎಡಕ್ಕೆ ಸ್ವಲ್ಪ ಜಾಸ್ತಿ ಕೂದಲು ಬಿದ್ದು ತಗ್ಗನ್ನು ಮುಚ್ಚಿತು. ಬೈತಲೆ ಬದಲಾಯಿಸಿದ ಮೇಲೆ ಎರಡೂ ಪಕ್ಕವನ್ನು ಮತ್ತೆ ನೋಡಬೇಕಾಯಿತು, ಬಲದಲ್ಲಿ ಕತ್ತರಿಸಬೇಕಾದ ಇನ್ನೆರಡು ಸುರುಳಿ ಸಿಕ್ಕಿದವು.

ಹಂತ 6: ಹಣೆ

ಹುಬ್ಬಿನ ಮಟ್ಟಕ್ಕೆ ಬೇಕು ಅಂದರು. ಹುಬ್ಬಿನ ಮಟ್ಟಕ್ಕೆ ಅಂದರೆ ಒಣಗಿದಾಗ ತಾನೇ? ಇದನ್ನು ಒದ್ದೆಯಲ್ಲಿ ಹುಬ್ಬಿಗೆ ಸರಿಯಾಗಿ ಕತ್ತರಿಸಿದ್ದರೆ ಹಣೆಯ ನಡುವೆ ನಿಲ್ಲುತ್ತಿತ್ತು. ಒಣಗಿದ 4 ಇಂಚು ಮೂಗಿನ ಮೇಲ್ಭಾಗದ ತನಕ ಬರುತ್ತಿತ್ತು. ಕತ್ತರಿಯನ್ನು ನೆಟ್ಟಗೆ ಹಿಡಿದು ತುದಿಯಿಂದ ಚೂರು ಚೂರೇ ಪಾಯಿಂಟ್ ಕಟ್ ಮಾಡಿದೆ. ಅಕ್ಕ ಹುಬ್ಬು ಎತ್ತದೆ ಕೂರಬೇಕು, ಎತ್ತಿದರೆ ಅಳತೆ ತಪ್ಪುತ್ತದೆ. ಹುಬ್ಬಿಗಿಂತ ಒಂದು ಕೂದಲೆಳೆ ಕೆಳಗೇ ನಿಲ್ಲಿಸಿದೆ.

ಹಂತ 7: ಮತ್ತೆ ಒದ್ದೆ ಮಾಡಿ ನೋಡುವುದು

ಇದು ನನಗಾಗಿ. ನೀರು ಚಿಮುಕಿಸಿ ಬಾಚಿ ನೋಡಿದರೆ ಪಕ್ಕದ ಅಂಚು ಗರಗಸದ ಹಾಗಿತ್ತು. ನೆತ್ತಿಯ ಒಂದು ಎಳೆ ಉದ್ದ, ಅದರ ಪಕ್ಕದ ಎಳೆ ಗಿಡ್ಡ. ಒಣಗಿದಾಗ ದುಂಡಗೆ ಕಾಣಲು ಒದ್ದೆಯಲ್ಲಿ ಹೀಗೇ ಇರಬೇಕು. ಕತ್ತಿನ ಗೆರೆ ಮಾತ್ರ ನೇರವಾಗಿತ್ತು, ಅದು ಹಾಗೇ ಇರಬೇಕು.

ಅಕ್ಕನಿಗೆ ಇದನ್ನು ಕನ್ನಡಿಯಲ್ಲಿ ತೋರಿಸಿದೆ. ಯಾಕೆಂದರೆ ಮುಂದಿನ ಸಲ ಬೇರೆ ಯಾರಾದರೂ ಇದನ್ನು ಒದ್ದೆ ಮಾಡಿ, "ಅಯ್ಯೋ, ಎಷ್ಟು ಸೊಟ್ಟ" ಅಂತ ನೇರ ಮಾಡಿಬಿಟ್ಟರೆ ತ್ರಿಕೋನ ವಾಪಸ್ ಬರುತ್ತದೆ. ಫೋನಿನಲ್ಲಿ ಒಣಗಿದ ಫೋಟೋ ಇಟ್ಟುಕೊಳ್ಳಿ, ಕತ್ತಿನ ಗೆರೆ ಬಿಟ್ಟು ಬೇರೆ ಏನನ್ನೂ ಒದ್ದೆಯಲ್ಲಿ ಸರಿ ಮಾಡಲು ಬಿಡಬೇಡಿ ಅಂದೆ.

ಸಮಯ: ಕರೆಂಟ್ ಕಾದದ್ದು ಬಿಟ್ಟು ಎರಡು ಗಂಟೆ. ಬರೀ ಒದ್ದೆ ಕಟ್ ಆಗಿದ್ದರೆ ಮುಕ್ಕಾಲು ಗಂಟೆ. ತೆಗೆದುಕೊಂಡದ್ದು ₹800. ನಮ್ಮಲ್ಲಿ ಮಾಮೂಲಿ ಕಟ್ಟಿಗೆ ₹350.

ಎರಡು ವಾರದ ನಂತರ

ಅಕ್ಕ ತಮ್ಮ ತಂಗಿಯ ಮಗಳನ್ನು ಕರೆದುಕೊಂಡು ಬಂದರು. ಅವರ ಆಕಾರ ನಿಂತಿತ್ತು. ಒಂದು ದೂರು ಇತ್ತು: ಬೆಳಿಗ್ಗೆ ಮಡಿಕೇರಿಯಲ್ಲಿ ದುಂಡಗಿರುವ ಕೂದಲು ಕುಶಾಲನಗರದಲ್ಲಿ ಬಸ್ಸಿಳಿದು ಒಂದೆರಡು ಗಂಟೆಯಲ್ಲಿ ಸ್ವಲ್ಪ ಇಳಿಯುತ್ತದೆ. ಅಲ್ಲಿ ಮಳೆ ತುಂಬ ಕಡಿಮೆ, ಗಾಳಿಯಲ್ಲಿ ತೇವವೂ ಕಡಿಮೆ. ಮಡಿಕೇರಿಯ ಜುಲೈ ಗಾಳಿಯಲ್ಲಿ ಕತ್ತರಿಸಿದ ಅಳತೆ ಅದು. ಒಣ ಕಟ್ಟಿಗೂ ಈ ಮಿತಿ ಇದೆ, ಕತ್ತರಿಸಿದ ದಿನದ ಹವೆಯೂ ಅದರಲ್ಲಿ ಸೇರಿರುತ್ತದೆ. ಫೆಬ್ರವರಿಯಲ್ಲಿ ಇದೇ ನೆತ್ತಿ ಇನ್ನೂ ಸ್ವಲ್ಪ ಉದ್ದ ಕಾಣಬಹುದು. ಅದಕ್ಕೆಂದು ಈಗಲೇ ಇನ್ನಷ್ಟು ಗಿಡ್ಡ ಮಾಡಲು ನಾನು ಒಪ್ಪಲಿಲ್ಲ. ಮಳೆಯಲ್ಲಿ ಅದು ಚೆಂಡಾಗುತ್ತದೆ.

ಹುಡುಗಿಯ ಕೂದಲು ತೆಳು, ನೆಟ್ಟಗೆ, ರೇಷ್ಮೆ. ದೊಡ್ಡಮ್ಮನ ಕಟ್ ನೋಡಿ "ನನಗೂ ಒಣಗಿದ್ದಾಗಲೇ ಮಾಡಿ ಆಂಟಿ" ಅಂದಳು. ಒಂದು ಎಳೆ ಅಳೆದು ತೋರಿಸಿದೆ: ಒದ್ದೆಯಲ್ಲಿ 10, ಒಣಗಿ 10ಕ್ಕೆ ಒಂದು ದಾರದಷ್ಟು ಕಡಿಮೆ. ಕುಗ್ಗುವುದೇ ಇಲ್ಲದ ಕೂದಲಿಗೆ ಒಣಗಿಸಿ ನೋಡುವಂಥದ್ದು ಏನಿದೆ? ಒಣಗಿದ್ದಾಗ ಇಂಥ ಕೂದಲು ಕತ್ತರಿಯಿಂದ ಜಾರುತ್ತದೆ, ಸಣ್ಣ ಏರುಪೇರೂ ಮೆಟ್ಟಿಲಾಗಿ ಕಾಣುತ್ತದೆ. ಅವಳಿಗೆ ಭುಜದ ಮೇಲಿನ ನೇರ ಗೆರೆಯನ್ನು ಪೂರ್ತಿ ಒದ್ದೆಯಲ್ಲೇ, ಎಳೆತ ಒಂದೇ ಸಮ ಇಟ್ಟು ಕತ್ತರಿಸಿದೆ. ಕಿವಿಯ ಮೇಲೆ ಮಾತ್ರ ಸಡಿಲ ಬಿಟ್ಟೆ. ಒಣಗಿಸಿದ ಮೇಲೆ ಗೆರೆಯಿಂದ ಇಳಿದ ನಾಲ್ಕಾರು ಕೂದಲು ತೆಗೆದೆ, ಹಣೆಯ ಮುಂಗೂದಲಿನ ತುದಿಗೆ ಪಾಯಿಂಟ್ ಕಟ್ ಮಾಡಿ ಗೆರೆ ಒಡೆದೆ. ನಲವತ್ತು ನಿಮಿಷ, ₹350.